ಉಪವಾಸವನ್ನು ಹೋಲಿಸುವ ಬಗೆ: ಆಚರಣೆ, ತತ್ತ್ವ ಮತ್ತು ಜನಮನದ ಚಿತ್ರ

ನಮ್ಮ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಏಕಾದಶಿ ಆಚರಿಸುವ ಮನೆಯ ಮಗುವೂ ರಂಜಾನ್ ಉಪವಾಸ ಹಿಡಿಯುವ ಮನೆಯ ಮಗುವೂ ಒಂದೇ ಬೆಂಚಿನಲ್ಲಿ ಕುಳಿತು ಓದುವುದು ಸಾಮಾನ್ಯ. ಜೈನ ಮನೆಯ ಪರ್ವದ ಉಪವಾಸ, ಕ್ರೈಸ್ತ ಮನೆಯ ಶುಭಶುಕ್ರವಾರದ ಉಪವಾಸಗಳೂ ನೆರೆಹೊರೆಯಲ್ಲಿಯೇ ಇರುತ್ತವೆ. ಆದುದರಿಂದ ‘ವಿವಿಧ ಮತಗಳಲ್ಲಿ ತಪಸ್ಸು ಮತ್ತು ಉಪವಾಸ’ ಎಂಬ ಪ್ರಬಂಧವಿಷಯ ಬಂದಾಗ ಮಕ್ಕಳಿಗೆ ಸಾಮಗ್ರಿಯ ಕೊರತೆಯಾಗುವುದಿಲ್ಲ. ತೊಡಕು ಇರುವುದು ಹೋಲಿಸುವ ಕ್ರಮದಲ್ಲಿ.

ಇಂತಹ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಓರೆಯಿದೆ. ಬರೆಯುವ ವಿದ್ಯಾರ್ಥಿ ತನ್ನ ಮನೆಯ ಉಪವಾಸವನ್ನು ಹಿರಿಯರು ಹೇಳಿದ ಉದ್ದೇಶದಿಂದ ವಿವರಿಸುತ್ತಾನೆ. ಪಕ್ಕದ ಮನೆಯ ಉಪವಾಸವನ್ನು ಬೀದಿಯಲ್ಲಿ ಕಂಡ ದೃಶ್ಯದಿಂದ ವಿವರಿಸುತ್ತಾನೆ. ‘ನಮ್ಮ ಉಪವಾಸ ಮನಸ್ಸನ್ನು ಶುದ್ಧಗೊಳಿಸುತ್ತದೆ; ಅವರು ಹಗಲು ಉಪವಾಸವಿದ್ದು ರಾತ್ರಿ ಔತಣ ಮಾಡುತ್ತಾರೆ’ ಎಂಬ ವಾಕ್ಯ ಹುಟ್ಟುವುದು ಹೀಗೆ. ಇದರಲ್ಲಿ ದುರುದ್ದೇಶ ಇರಬೇಕೆಂದಿಲ್ಲ. ಒಂದು ಕಡೆಯ ತತ್ತ್ವವನ್ನು ಇನ್ನೊಂದು ಕಡೆಯ ನೋಟದೊಡನೆ ತೂಗಿದಾಗ ತಕ್ಕಡಿ ತಾನಾಗಿಯೇ ವಾಲುತ್ತದೆ. ಇದಕ್ಕೆ ಪರಿಹಾರವೆಂದರೆ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಇಟ್ಟು, ಸಮಾನವಾದುದನ್ನು ಸಮಾನವಾದುದರೊಡನೆ ಮಾತ್ರ ಹೋಲಿಸುವುದು.

ಮೊದಲನೆಯದು ಆಚರಣೆ: ಯಾರು, ಎಂದು, ಏನನ್ನು ತಿನ್ನುತ್ತಾರೆ ಅಥವಾ ಬಿಡುತ್ತಾರೆ ಎಂಬುದು. ಎರಡನೆಯದು ತತ್ತ್ವ: ಆ ಸಂಪ್ರದಾಯದ ಗ್ರಂಥಗಳೂ ಗುರುಗಳೂ ಅದಕ್ಕೆ ಕೊಡುವ ಕಾರಣ, ಗುರಿ ಮತ್ತು ನಿಯಮ. ಮೂರನೆಯದು ಜನಮನದ ಚಿತ್ರ: ಗಾದೆ, ಶಿಲ್ಪ, ಪತ್ರಿಕೆ, ಕ್ಯಾಲೆಂಡರಿನ ಚಿತ್ರಪಟ, ನೆರೆಯವರ ಮಾತು ಇವುಗಳಿಂದ ರೂಪುಗೊಂಡ ಕಲ್ಪನೆ. ಈ ಮೂರೂ ಒಂದಕ್ಕೊಂದು ಹೊಂದಿಕೊಂಡೇ ಇರುತ್ತವೆ ಎಂದು ನಾವು ಊಹಿಸುತ್ತೇವೆ. ಆದರೆ ಬಹಳ ಸಲ ಹಾಗಿರುವುದಿಲ್ಲ.

ಪದ ಒಂದೇ ಆದರೆ ಸಾಲದು

ಹೋಲಿಕೆಯ ಆರಂಭದಲ್ಲಿಯೇ ದಾರಿ ತಪ್ಪಿಸುವುದು ಪದಗಳ ಸಾಮ್ಯ. ‘ಉಪವಾಸ’ ಎಂಬ ಪದದ ಮೂಲಾರ್ಥದಲ್ಲಿ ಅನ್ನ ಬಿಡುವ ಮಾತೇ ಇಲ್ಲ. ‘ಸಮೀಪದಲ್ಲಿ ವಾಸಿಸುವುದು’ ಎಂದಷ್ಟೇ ಅದರ ಅರ್ಥ. ವೈದಿಕ ಯಜ್ಞದ ಹಿಂದಿನ ದಿನ ದೇವತೆಗಳು ಯಜಮಾನನ ಮನೆಗೆ ಬಂದು ತಂಗುತ್ತಾರೆಂದೂ, ಅತಿಥಿಗಳು ಉಣ್ಣುವ ಮೊದಲು ಮನೆಯವನು ಉಣ್ಣುವುದು ಸಲ್ಲದೆಂದೂ ಶತಪಥ ಬ್ರಾಹ್ಮಣ ಹೇಳುತ್ತದೆ. ಅಂದರೆ ಅಲ್ಲಿ ಅನ್ನವನ್ನು ಬಿಡುವುದು ದೇಹವನ್ನು ದಂಡಿಸಲಿಕ್ಕಲ್ಲ, ಅದು ಅತಿಥಿಮರ್ಯಾದೆಯ ಒಂದು ಭಾಗ.

ಇದೇ ಪದದಿಂದ ಬೌದ್ಧರ ‘ಉಪೋಸಥ’ವೂ ಜೈನರ ‘ಪೋಸಹ’ವೂ ಬಂದಿವೆ. ಉಪೋಸಥದ ದಿನ ಬೌದ್ಧ ಗೃಹಸ್ಥರು ಎಂಟು ಶೀಲಗಳನ್ನು ಹಿಡಿಯುತ್ತಾರೆ. ಮಧ್ಯಾಹ್ನದ ನಂತರ ಉಣ್ಣದಿರುವುದು ಅವುಗಳಲ್ಲಿ ಒಂದು. ಜೈನ ಶ್ರಾವಕರು ಅಷ್ಟಮಿ ಮತ್ತು ಚತುರ್ದಶಿಗಳಂದು ಈ ವ್ರತವನ್ನು ಆಚರಿಸಿ ಆ ದಿನವನ್ನು ಮುನಿಯ ಬದುಕಿಗೆ ಸಮೀಪವಾಗಿ ಕಳೆಯುತ್ತಾರೆ. ಬೇರು ಒಂದೇ ಆದರೂ ಬೆಳೆದ ದಿಕ್ಕುಗಳು ಮೂರು.

ಗಡಿಯ ನಮಗೆ ಇನ್ನೊಂದು ಪದವೂ ಪರಿಚಿತ. ತಲಮಲೆ, ತಾಳವಾಡಿ, ಹೊಸೂರುಗಳ ತಮಿಳಿನಲ್ಲಿ ಕೇಳುವ ‘ನೋನ್ಬು’, ಕಾಸರಗೋಡು, ವಯನಾಡುಗಳ ಮಲಯಾಳದಲ್ಲಿ ಕೇಳುವ ‘ನೋಂಬು’, ಹಳೆಯ ಕನ್ನಡದ ಜೈನ ಕಥೆಗಳಲ್ಲಿ ಬರುವ ‘ನೋಂಪಿ’ ಇವೆಲ್ಲ ಒಂದೇ ಕುಟುಂಬದ ಪದಗಳು. ಕನ್ನಡದಲ್ಲಿ ನೋಂಪಿ ಎಂದರೆ ಜೈನ ವ್ರತ. ಮಲಯಾಳದಲ್ಲಿ ಅದೇ ಪದ ಮುಸ್ಲಿಮರ ರಂಜಾನಿಗೂ ಕ್ರೈಸ್ತರ ಉಪವಾಸಕಾಲಕ್ಕೂ ಹಿಂದೂ ವ್ರತಗಳಿಗೂ ಸಲ್ಲುತ್ತದೆ. ಒಂದು ಪದ ಇಷ್ಟೊಂದು ಆಚರಣೆಗಳನ್ನು ಹೊದ್ದುಕೊಂಡಿರುವುದರಿಂದಲೇ, ‘ಎಲ್ಲ ಮತಗಳ ಉಪವಾಸವೂ ಒಂದೇ’ ಎಂದು ಬರೆದುಬಿಡುವುದು ಸುಲಭವಾಗುತ್ತದೆ. ಪ್ರಬಂಧಕ್ಕೆ ಪದ ಬಾಗಿಲು ಮಾತ್ರ; ಮನೆಯನ್ನು ನೋಡಬೇಕಾದರೆ ಒಳಗೆ ಹೋಗಬೇಕು.

ಒಂದು ನಿದರ್ಶನ: ಜೈನ ಮುನಿ ಮತ್ತು ಬೌದ್ಧ ಭಿಕ್ಷು

ಮೂರು ಪದರಗಳನ್ನು ಬೇರ್ಪಡಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ, ಒಂದೇ ಕಾಲದಲ್ಲಿ, ಒಂದೇ ನೆಲದಲ್ಲಿ ಬೆಳೆದ ಜೈನ ಮತ್ತು ಬೌದ್ಧ ಸಂಪ್ರದಾಯಗಳಿಗಿಂತ ಒಳ್ಳೆಯ ನಿದರ್ಶನ ದೊರೆಯದು.

ಮೊದಲು ಆಚರಣೆ. ದಿಗಂಬರ ಜೈನ ಮುನಿ ದಿನಕ್ಕೆ ಒಂದೇ ಸಲ, ಹಗಲಿನಲ್ಲಿ, ನಿಂತುಕೊಂಡು, ಪಾತ್ರೆಯಿಲ್ಲದೆ ತನ್ನ ಬೊಗಸೆಯಲ್ಲಿಯೇ ಆಹಾರ ಸ್ವೀಕರಿಸುತ್ತಾನೆ. ನೀರು ಕುಡಿಯುವುದೂ ಆ ಒಂದು ಹೊತ್ತಿನಲ್ಲಿ ಮಾತ್ರ. ಹೊರಡುವ ಮುನ್ನ ಅವನು ಮನಸ್ಸಿನಲ್ಲಿ ಒಂದು ಕಟ್ಟಳೆಯನ್ನು ಇಟ್ಟುಕೊಳ್ಳಬಹುದು. ಅದು ಕೂಡಿಬರದಿದ್ದರೆ ಉಣ್ಣದೆ ಹಿಂದಿರುಗುತ್ತಾನೆ. ಕೈಯಲ್ಲಿದ್ದ ಅನ್ನದಲ್ಲಿ ಕೂದಲು ಅಥವಾ ಹುಳು ಕಂಡರೆ ಅದು ‘ಅಂತರಾಯ’. ಆ ದಿನದ ಊಟ ಅಲ್ಲಿಗೇ ಮುಗಿಯಿತು. ಬೌದ್ಧ ಭಿಕ್ಷುವಾದರೋ ಭಿಕ್ಷಾಪಾತ್ರೆ ಹಿಡಿದು ಹೋಗಿ, ಬಂದುದನ್ನು ನಡುಹಗಲಿನ ಒಳಗೆ ಉಣ್ಣುತ್ತಾನೆ. ಅಲ್ಲಿಂದ ಮರುದಿನದ ಬೆಳಗಿನವರೆಗೆ ಗಟ್ಟಿ ಆಹಾರವಿಲ್ಲ. ನೀರಿಗೂ ಕೆಲವು ಹಣ್ಣಿನ ಪಾನಕಗಳಿಗೂ ಅಡ್ಡಿಯಿಲ್ಲ. ದೂರದಿಂದ ನೋಡಿದರೆ ಇಬ್ಬರೂ ಮಿತಾಹಾರಿಗಳು, ಇಬ್ಬರೂ ಭಿಕ್ಷಾವೃತ್ತಿಯವರು. ಆಚರಣೆಯ ಮಟ್ಟದಲ್ಲಿ ಅವರ ನಡುವಿನ ಅಂತರ ಹೆಚ್ಚು ಕಡಿಮೆಯ ಅಂತರವಾಗಿ ಕಾಣುತ್ತದೆ.

ತತ್ತ್ವಕ್ಕೆ ಬಂದಾಗ ಅಂತರದ ಜಾತಿಯೇ ಬೇರೆ. ಜೈನರ ಪ್ರಕಾರ ಕರ್ಮ ಎಂಬುದು ಜೀವಕ್ಕೆ ಅಂಟಿಕೊಳ್ಳುವ ಒಂದು ಸೂಕ್ಷ್ಮ ದ್ರವ್ಯ. ಹೊಸ ಕರ್ಮ ಬರದಂತೆ ತಡೆಯುವುದು ಸಂವರ. ಅಂಟಿದ ಕರ್ಮವನ್ನು ಉದುರಿಸುವುದು ನಿರ್ಜರೆ. ತಪಸ್ಸು ಆ ನಿರ್ಜರೆಯ ಸಾಧನ. ಹೊರಗಿನ ತಪಸ್ಸು ಆರು ಬಗೆ, ಒಳಗಿನ ತಪಸ್ಸು ಆರು ಬಗೆ. ಹೊರಗಿನ ಆರರಲ್ಲಿ ಮೊದಲನೆಯದು ಉಪವಾಸ, ಎರಡನೆಯದು ಹಸಿವೆಗಿಂತ ಕಡಿಮೆ ಉಣ್ಣುವುದು. ಒಳಗಿನ ಆರರಲ್ಲಿ ಪ್ರಾಯಶ್ಚಿತ್ತ, ವಿನಯ, ಸೇವೆ, ಸ್ವಾಧ್ಯಾಯ, ಧ್ಯಾನ ಮೊದಲಾದುವು ಬರುತ್ತವೆ. ಉಪವಾಸ ಇಲ್ಲಿ ಮೋಕ್ಷಮಾರ್ಗದ ಯಂತ್ರದಲ್ಲಿಯೇ ಒಂದು ಗಾಲಿ.

ಬುದ್ಧನಾದರೋ ಜ್ಞಾನೋದಯಕ್ಕೆ ಮುನ್ನ ಉಗ್ರವಾದ ಉಪವಾಸಗಳನ್ನು ಮಾಡಿ, ಅದರಿಂದ ಗುರಿ ದೊರೆಯದೆಂದು ಕಂಡು, ಆಹಾರ ಸ್ವೀಕರಿಸಿದನೆಂದು ಪಾಲಿ ಗ್ರಂಥಗಳು ಹೇಳುತ್ತವೆ. ಸಾರನಾಥದ ಮೊದಲ ಉಪದೇಶದಲ್ಲಿ ಭೋಗಲೋಲುಪತೆ ಮತ್ತು ದೇಹದಂಡನೆ ಎರಡನ್ನೂ ಬಿಡತಕ್ಕ ಅತಿರೇಕಗಳೆಂದು ಹೇಳಿ ಮಧ್ಯಮಮಾರ್ಗವನ್ನು ಬೋಧಿಸಿದನು. ಒಂದೇ ಹೊತ್ತಿನ ಊಟವನ್ನು ಅವನು ಶಿಷ್ಯರಿಗೆ ಹೇಳಿದಾಗ ಕೊಟ್ಟ ಕಾರಣ ರೋಗ ಕಡಿಮೆ, ಮೈ ಹಗುರ, ಬಲ ಮತ್ತು ನೆಮ್ಮದಿ ಎಂಬುದು. ಕರ್ಮವನ್ನು ಸುಡುವ ಮಾತು ಅಲ್ಲಿಲ್ಲ.

ಹೀಗೆಂದು ‘ಬೌದ್ಧರು ತಪೋವಿರೋಧಿಗಳು, ಜೈನರು ದೇಹಪೀಡಕರು’ ಎಂದು ಬರೆದರೆ ಮತ್ತೆ ಎಡವಿದಂತೆ. ಬೌದ್ಧ ಸಂಪ್ರದಾಯದಲ್ಲಿ ಹದಿಮೂರು ‘ಧುತಾಂಗ’ಗಳೆಂಬ ಕಠಿಣ ನಿಯಮಗಳಿವೆ: ಚಿಂದಿಬಟ್ಟೆಯನ್ನೇ ಉಡುವುದು, ಮರದ ಬುಡದಲ್ಲಿ ವಾಸಿಸುವುದು, ಒಂದೇ ಆಸನದಲ್ಲಿ ಉಂಡು ಮುಗಿಸುವುದು ಇತ್ಯಾದಿ. ದೇವದತ್ತನು ಐದು ಕಠಿಣ ನಿಯಮಗಳನ್ನು ಎಲ್ಲ ಭಿಕ್ಷುಗಳಿಗೂ ಕಡ್ಡಾಯ ಮಾಡಬೇಕೆಂದು ಕೇಳಿದಾಗ ಬುದ್ಧನು ಒಪ್ಪದೆ, ಅವುಗಳಲ್ಲಿ ಹೆಚ್ಚಿನವನ್ನು ಇಷ್ಟವುಳ್ಳವರ ಆಯ್ಕೆಗೆ ಬಿಟ್ಟನೆಂದು ವಿನಯಗ್ರಂಥ ತಿಳಿಸುತ್ತದೆ. ಇತ್ತ ಜೈನ ತತ್ತ್ವವೂ ಎಲ್ಲ ದೇಹಕಷ್ಟವನ್ನು ಮೆಚ್ಚುವುದಿಲ್ಲ. ಸಮ್ಯಕ್ ದರ್ಶನವಿಲ್ಲದ, ಅಹಿಂಸೆಯ ಎಚ್ಚರವಿಲ್ಲದ ಕಷ್ಟಸಹನೆಯನ್ನು ಅದು ‘ಬಾಲತಪ’ ಎಂದು, ಎಂದರೆ ಅರಿವಿಲ್ಲದವರ ತಪಸ್ಸು ಎಂದು, ತಳ್ಳಿಹಾಕುತ್ತದೆ. ಪಂಚಾಗ್ನಿಯ ನಡುವೆ ಕುಳಿತ ತಾಪಸಿಯ ಸೌದೆಯಲ್ಲಿ ಹಾವು ಬೇಯುತ್ತಿದ್ದುದನ್ನು ಪಾರ್ಶ್ವನಾಥನು ತೋರಿಸಿಕೊಟ್ಟ ಕಥೆಯ ತಾತ್ಪರ್ಯ ಇದೇ.

ಜೈನರನ್ನು ದೇಹಪೀಡಕರೆಂದು ಬಣ್ಣಿಸುವ ಮಾತು ಪಾಲಿ ಗ್ರಂಥಗಳಲ್ಲಿಯೂ ಇದೆ. ಆದರೆ ಅದು ಪ್ರತಿವಾದಿಗಳು ಬರೆದ ಚಿತ್ರ. ಜೈನ ತತ್ತ್ವವನ್ನು ತಿಳಿಯಲು ಅದನ್ನು ಆಧಾರವಾಗಿಸಿದರೆ, ಒಬ್ಬರ ಮಾತನ್ನು ಅವರ ಎದುರಾಳಿಯ ಬಾಯಿಂದ ಕೇಳಿದಂತಾಗುತ್ತದೆ. ಇಂತಹ ಆಧಾರ ಮೂರನೆಯ ಪದರಕ್ಕೆ ಸೇರಬೇಕು, ಎರಡನೆಯದಕ್ಕಲ್ಲ.

ಈಗ ಆ ಮೂರನೆಯ ಪದರ. ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಗಾಂಧಾರ ಶೈಲಿಯ ಒಂದು ಪ್ರಸಿದ್ಧ ಶಿಲ್ಪವಿದೆ. ಎಲುಬು, ನರ, ಹುದುಗಿದ ಕಣ್ಣು, ಬೆನ್ನಿಗಂಟಿದ ಹೊಟ್ಟೆ. ಉಪವಾಸದ ಉಗ್ರತೆಯನ್ನು ತೋರಿಸುವ ಶಿಲ್ಪಗಳಲ್ಲಿ ಜಗತ್ತಿನಲ್ಲಿಯೇ ಅದು ಅತ್ಯಂತ ಹೆಸರಾದುದು. ಅದು ಯಾರ ಶಿಲ್ಪ? ಆ ಮಾರ್ಗವನ್ನು ಬಿಟ್ಟುಬಂದ ಸಿದ್ಧಾರ್ಥನದು. ಇನ್ನು ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲಿರುವ, ಸುಮಾರು 58 ಅಡಿ ಎತ್ತರದ ಬಾಹುಬಲಿಯನ್ನು ನೆನೆಯಿರಿ. ಜೈನ ಕಥೆಯಂತೆ ಅವನು ಒಂದು ವರ್ಷ ಅಲುಗದೆ, ಉಣ್ಣದೆ ನಿಂತವನು. ಕಾಲಿಗೆ ಹುತ್ತ ಬೆಳೆದು ತೋಳಿಗೆ ಬಳ್ಳಿ ಹಬ್ಬಿತು. ಆದರೆ ಶಿಲ್ಪದ ಮೈ ತುಂಬಿಕೊಂಡಿದೆ, ಭುಜ ವಿಶಾಲವಾಗಿದೆ, ಮುಖದಲ್ಲಿ ನಸುನಗೆಯಿದೆ. ಕಾಸರಗೋಡಿನ ಮಕ್ಕಳು ಪ್ರವಾಸದಲ್ಲಿ ನೋಡುವ ಕಾರ್ಕಳದ ಮೂರ್ತಿಯೂ ಹೀಗೆಯೇ.

ಎಂದರೆ ಚಿತ್ರ ತತ್ತ್ವಕ್ಕೆ ತಲೆಕೆಳಗಾಗಿ ನಿಂತಿದೆ. ಉಪವಾಸವನ್ನು ಬಿಟ್ಟವನು ಎಲುಬಿನ ಗೂಡಾಗಿ ಕಾಣುತ್ತಾನೆ, ಉಪವಾಸದಲ್ಲಿ ನಿಂತವನು ತುಂಬುಮೈಯಾಗಿ ಕಾಣುತ್ತಾನೆ. ಶಿಲ್ಪಿಗಳು ತಪ್ಪು ಮಾಡಿದರೆಂದು ಇದರ ಅರ್ಥವಲ್ಲ. ಗಾಂಧಾರದ ಶಿಲ್ಪಿ ದಾಟಿಹೋದ ಒಂದು ಘಟ್ಟವನ್ನು ಕೆತ್ತಿದ. ಕನ್ನಡನಾಡಿನ ಶಿಲ್ಪಿ ದೇಹದ ಹಂಗಿಲ್ಲದ ಆತ್ಮದ ಪೂರ್ಣತೆಯನ್ನು ಕೆತ್ತಿದ. ಆದರೆ ಈ ಎರಡು ಚಿತ್ರಪಟಗಳನ್ನು ಮಾತ್ರ ನೋಡಿ ಪ್ರಬಂಧ ಬರೆದ ವಿದ್ಯಾರ್ಥಿ ಎರಡು ಮತಗಳ ತತ್ತ್ವವನ್ನೂ ಅದಲುಬದಲು ಮಾಡಿ ಬರೆದಾನು.

ಮನೆಯ ಹತ್ತಿರದ ಹೋಲಿಕೆ: ಏಕಾದಶಿ ಮತ್ತು ರಂಜಾನ್

ಇದೇ ಕ್ರಮವನ್ನು ವಿದ್ಯಾರ್ಥಿಗಳು ಹೆಚ್ಚಾಗಿ ಆರಿಸಿಕೊಳ್ಳುವ ಜೋಡಿಗೆ ಅನ್ವಯಿಸೋಣ.

ಏಕಾದಶಿ ಪ್ರತಿ ಪಕ್ಷದ ಹನ್ನೊಂದನೆಯ ತಿಥಿ; ವರ್ಷಕ್ಕೆ ಸಾಮಾನ್ಯವಾಗಿ 24, ಅಧಿಕಮಾಸ ಬಂದರೆ 26. ಕಟ್ಟುನಿಟ್ಟಾಗಿ ಆಚರಿಸುವವರು ಅಂದು ನೀರನ್ನೂ ಮುಟ್ಟದೆ ದ್ವಾದಶಿಯ ಬೆಳಗ್ಗೆ ಪಾರಣೆ ಮಾಡುತ್ತಾರೆ. ಅನೇಕ ಮನೆಗಳಲ್ಲಿ ಅಕ್ಕಿ, ಗೋಧಿ, ಜೋಳ, ಬೇಳೆಗಳನ್ನು ಮಾತ್ರ ಬಿಟ್ಟು ಫಲಾಹಾರ ಮಾಡುತ್ತಾರೆ. ಪಂಢರಪುರದ ಆಷಾಢೀ ಏಕಾದಶಿಯನ್ನು ಬಲ್ಲ ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯವರಿಗೆ ಸಾಬೂದಾಣಿ ಖಿಚಡಿ, ಶೇಂಗಾ, ಆಲೂಗಡ್ಡೆ ಇಲ್ಲದ ಏಕಾದಶಿ ನೆನಪಿಗೇ ಬಾರದು. ಗಮನಿಸಬೇಕಾದುದು ಇಲ್ಲಿದೆ: ಸಾಬೂದಾಣಿಯಾಗುವ ಮರಗೆಣಸು, ಶೇಂಗಾ, ಆಲೂಗಡ್ಡೆ ಮೂರೂ ದಕ್ಷಿಣ ಅಮೆರಿಕದಿಂದ ಬಂದ ಬೆಳೆಗಳು. ವ್ರತವನ್ನು ವಿಧಿಸಿದ ಹಳೆಯ ಪುರಾಣಗಳ ಕಾಲದಲ್ಲಿ ಅವು ಇಲ್ಲಿ ಇರಲಿಲ್ಲ. ತತ್ತ್ವ ಹಾಗೆಯೇ ಉಳಿದು ಆಚರಣೆಯ ತಟ್ಟೆ ಪೂರ್ತಿ ಬದಲಾಗಬಹುದು ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ.

ರಂಜಾನ್ ಇಸ್ಲಾಮೀ ಪಂಚಾಂಗದ ಒಂಬತ್ತನೆಯ ತಿಂಗಳು. ಮುಂಜಾವಿನ ಬೆಳಕು ಮೂಡುವುದರಿಂದ ಸೂರ್ಯಾಸ್ತದವರೆಗೆ ಅನ್ನವೂ ಇಲ್ಲ, ನೀರೂ ಇಲ್ಲ. ಈ ಪಂಚಾಂಗಕ್ಕೆ ಅಧಿಕಮಾಸವಿಲ್ಲದ ಕಾರಣ ತಿಂಗಳು ವರ್ಷವರ್ಷವೂ ಸುಮಾರು 11 ದಿನ ಮುಂಚೆ ಬಂದು, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಬೇಸಗೆಯ ರಂಜಾನಿನ ಹಗಲು ಚಳಿಗಾಲದ ಹಗಲಿಗಿಂತ ದೀರ್ಘ. ಕುರ್‌ಆನಿನ ಎರಡನೆಯ ಅಧ್ಯಾಯದ 183ರಿಂದ 185ನೆಯ ಸೂಕ್ತಗಳು ಇದರ ಗುರಿಯನ್ನು ‘ತಕ್ವಾ’, ಎಂದರೆ ದೇವರ ಎಚ್ಚರದಲ್ಲಿ ಬದುಕುವುದು, ಎಂದು ಹೇಳುತ್ತವೆ. ರೋಗಿಗಳೂ ಪ್ರಯಾಣಿಕರೂ ಬೇರೆ ದಿನಗಳಲ್ಲಿ ಅದನ್ನು ಪೂರೈಸಬಹುದೆಂದೂ ಅಲ್ಲಿಯೇ ಹೇಳಿದೆ. ಎಂದೆಂದಿಗೂ ಸಾಧ್ಯವಾಗದಷ್ಟು ಅಶಕ್ತರಾದವರು ಅದರ ಬದಲಿಗೆ ಬಡವರಿಗೆ ಉಣಿಸುತ್ತಾರೆ.

ಈಗ ಹೋಲಿಸಬಹುದು. ಆಚರಣೆಯಲ್ಲಿ, ಫಲಾಹಾರದ ಏಕಾದಶಿ ‘ಯಾವುದನ್ನು’ ಉಣ್ಣಬಾರದೆಂಬ ಮಿತಿ. ರಂಜಾನ್ ‘ಯಾವಾಗ’ ಉಣ್ಣಬಾರದೆಂಬ ಮಿತಿ. ತತ್ತ್ವದಲ್ಲಿ, ಒಂದು ಹರಿಯ ದಿನವನ್ನು ಹರಿಯ ಸಮೀಪದಲ್ಲಿ ಕಳೆಯುವ ವ್ರತ. ಇನ್ನೊಂದು ಶಕ್ತರಾದ ಪ್ರಾಪ್ತವಯಸ್ಕರೆಲ್ಲರಿಗೂ ವಿಧಿಸಿದ, ವಿನಾಯಿತಿಗಳನ್ನು ಸ್ಪಷ್ಟವಾಗಿ ಹೇಳಿದ ಕರ್ತವ್ಯ. ಜನಮನದ ಚಿತ್ರದಲ್ಲಿ ಮಾತ್ರ ಎರಡಕ್ಕೂ ಒಂದೇ ಬಗೆಯ ಚುಚ್ಚುಮಾತು. ‘ಏಕಾದಶೀ ದುಪ್ಪಟ ಖಾಶೀ’, ಏಕಾದಶಿಯಂದು ಎರಡರಷ್ಟು ತಿನ್ನುವೆ, ಎಂದು ಮರಾಠಿ ಗಾದೆ ಹಾಸ್ಯಮಾಡುತ್ತದೆ. ರಂಜಾನಿನ ಬಗ್ಗೆ ‘ರಾತ್ರಿಯೆಲ್ಲ ಹಬ್ಬ’ ಎಂಬ ಮಾತು ಕೇಳಿಬರುತ್ತದೆ. ಹೊರಗಿನವರ ಕಣ್ಣಿಗೆ ಬೀಳುವುದು ಉಪವಾಸ ಬಿಡುವ ಹೊತ್ತಿನ ತಟ್ಟೆ; ಹಸಿದ ಹೊತ್ತಿಗೆ ತೋರಿಸಲು ಏನೂ ಇರುವುದಿಲ್ಲ. ಮೊದಲಿಗೆ ಹೇಳಿದ ಓರೆ ವಾಕ್ಯದ ಮೂಲ ಇದು. ಅದನ್ನು ತಿದ್ದಿ ಹೀಗೆ ಬರೆಯಬಹುದು: ‘ಎರಡೂ ಉಪವಾಸಗಳು ದೇವರ ಸಾಮೀಪ್ಯವನ್ನು ಬಯಸುತ್ತವೆ, ಒಂದು ಆಹಾರದ ಬಗೆಯನ್ನು, ಇನ್ನೊಂದು ಆಹಾರದ ಹೊತ್ತನ್ನು ಕಟ್ಟುತ್ತದೆ, ಎರಡನ್ನೂ ಹೊರಗಿನವರು ಪಾರಣೆಯ ಊಟದಿಂದ ಅಳೆಯುತ್ತಾರೆ.’

ವಾಕ್ಯವನ್ನು ಪರೀಕ್ಷಿಸುವ ಬಗೆ, ಅದರ ಮಿತಿ

ಬರೆದ ವಾಕ್ಯ ಯಾವ ಪದರಕ್ಕೆ ಸೇರಿದೆಯೆಂದು ತಿಳಿಯಲು ಅದಕ್ಕೆ ಪ್ರಶ್ನೆ ಹಾಕಬೇಕು. ‘ಯಾವ ಊರಿನ ಯಾರು ಹೀಗೆ ಮಾಡುತ್ತಾರೆ?’ ಎಂಬುದಕ್ಕೆ ಉತ್ತರ ಬಂದರೆ ಅದು ಆಚರಣೆ. ‘ಯಾವ ಗ್ರಂಥ, ಯಾವ ಗುರು ಹೀಗೆ ಹೇಳುತ್ತಾರೆ?’ ಎಂಬುದಕ್ಕೆ ಉತ್ತರ ಬಂದರೆ ಅದು ತತ್ತ್ವ. ಎರಡಕ್ಕೂ ಉತ್ತರವಿಲ್ಲದೆ ‘ಎಲ್ಲರಿಗೂ ಗೊತ್ತು’ ಎಂಬುದಷ್ಟೇ ಉಳಿದರೆ ಅದು ಜನಮನದ ಚಿತ್ರ. ‘ಹಿಂದೂಗಳು’, ‘ಮುಸ್ಲಿಮರು’, ‘ಜೈನರು’ ಎಂದು ಆರಂಭವಾಗುವ ವಾಕ್ಯಗಳನ್ನು ವಿಶೇಷವಾಗಿ ಪರೀಕ್ಷಿಸಬೇಕು. ಸ್ಮಾರ್ತರ ಏಕಾದಶಿಯೂ ವೈಷ್ಣವರ ಏಕಾದಶಿಯೂ ಕೆಲವು ಸಲ ಬೇರೆಬೇರೆ ದಿನ ಬರುವುದನ್ನು ನಮ್ಮ ಪಂಚಾಂಗಗಳೇ ಅಚ್ಚುಹಾಕುತ್ತವೆ.

ಮೂರು ಪದರಗಳನ್ನು ಪೂರ್ತಿ ಬೇರ್ಪಡಿಸಲಾಗದ ಸಂದರ್ಭಗಳೂ ಇವೆ. 1932ರ ಸೆಪ್ಟೆಂಬರ್ 20ರಂದು ಗಾಂಧೀಜಿ ಯರವಡಾ ಸೆರೆಮನೆಯಲ್ಲಿ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಕೊಡುವುದರ ವಿರುದ್ಧ ಉಪವಾಸ ಆರಂಭಿಸಿದರು. 24ರಂದು ಪುಣೆ ಒಪ್ಪಂದವಾಯಿತು. 26ರಂದು ಉಪವಾಸ ನಿಂತಿತು. ಗಾಂಧೀಜಿಯ ಮಾತಿನಲ್ಲಿ ಅದು ಹಿಂದೂ ಸಮಾಜದ ಅಂತಃಸಾಕ್ಷಿಯನ್ನು ಎಚ್ಚರಿಸುವ ಧಾರ್ಮಿಕ ಕ್ರಿಯೆ. ಅಂಬೇಡ್ಕರರ ದೃಷ್ಟಿಯಲ್ಲಿ ಅದು ತಮ್ಮ ಜನರ ಹಕ್ಕಿನ ಮೇಲೆ ಹೇರಿದ ಒತ್ತಡ. ದೇಶವೆಲ್ಲ ನೋಡುತ್ತಿತ್ತು ಎಂಬುದೇ ಆ ಉಪವಾಸದ ಬಲವಾಗಿತ್ತು. ಇಲ್ಲಿ ಜನಮನದ ಚಿತ್ರ ಆಚರಣೆಯ ಹೊರಗಿನ ನೆರಳಲ್ಲ, ಅದರ ಒಂದು ಅಂಗ. ಇಂತಹ ಉಪವಾಸವನ್ನು ಏಕಾದಶಿಯೊಡನೆಯೋ ರಂಜಾನಿನೊಡನೆಯೋ ನೇರವಾಗಿ ಹೋಲಿಸದೆ, ಅದು ಯಾರನ್ನು ಉದ್ದೇಶಿಸಿತ್ತು ಎಂಬ ಪ್ರಶ್ನೆಯನ್ನು ಮೊದಲು ಬಿಡಿಸಿಕೊಂಡು ಬೇರೆ ಭಾಗದಲ್ಲಿ ಬರೆಯುವುದು ಯುಕ್ತ.

ಪ್ರಬಂಧ ಸಿದ್ಧಪಡಿಸುವಾಗ ಕಾಗದವನ್ನು ಮೂರು ಅಂಕಣಗಳಾಗಿ ಗೆರೆಯೆಳೆದು, ತನ್ನ ಮನೆಯ ಉಪವಾಸವನ್ನೂ ನೆರೆಯವರ ಉಪವಾಸವನ್ನೂ ಅದೇ ಮೂರು ಅಂಕಣಗಳಲ್ಲಿ ತುಂಬಬೇಕು. ನೆರೆಯವರ ಪಾಲಿನ ತತ್ತ್ವದ ಅಂಕಣ ಖಾಲಿ ಉಳಿದು ಮೂರನೆಯ ಅಂಕಣ ಮಾತ್ರ ತುಂಬಿದ್ದರೆ ಬರೆಯುವ ಹೊತ್ತು ಇನ್ನೂ ಬಂದಿಲ್ಲವೆಂದು ತಿಳಿಯಬೇಕು. ಆಗ ಮಾಡಬೇಕಾದ ಕೆಲಸ ಕಷ್ಟದ್ದಲ್ಲ. ಅದೇ ಬೆಂಚಿನ ಗೆಳೆಯನನ್ನೋ ಅವನ ಮನೆಯ ಅಜ್ಜಿಯನ್ನೋ ‘ಏನು ತಿನ್ನುತ್ತೀರಿ?’ ಎಂದು ಕೇಳಿ ನಿಲ್ಲಿಸದೆ, ‘ಏಕೆ ಬಿಡುತ್ತೀರಿ, ಯಾರಿಗೆ ವಿನಾಯಿತಿ ಇದೆ?’ ಎಂದೂ ಕೇಳಿ ಬರೆದುಕೊಳ್ಳುವುದು.